ಒಂದು ಕೆಜಿ ಎಣ್ಣೆಗೆ ಎಷ್ಟು ಕಾಸ್ಟಿಕ್ ಸೋಡಾ? ಮನೆಯಲ್ಲಿ ಸೋಪು ಮಾಡುವ ಲೆಕ್ಕ ಮತ್ತು ಕ್ರಮ

ಮೈಸೂರಿನ ಸಂತೆಪೇಟೆ ಕಡೆ ಒಂದು ಕೆಮಿಕಲ್ ಅಂಗಡಿಯಲ್ಲಿ ಕಾಸ್ಟಿಕ್ ಸೋಡಾ ಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹುಡುಗಿ ಕೇಳಿದಳು: "ಅಕ್ಕಾ, ನೀವೂ ಸೋಪು ಮಾಡ್ತೀರಾ? ಒಂದು ಕೆಜಿ ಎಣ್ಣೆಗೆ ಎಷ್ಟು ಹಾಕ್ಬೇಕು ಹೇಳಿ." ನಾನು "ಯಾವ ಎಣ್ಣೆ?" ಅಂದೆ. ಅವಳ ಮುಖ ಸಪ್ಪಗಾಯಿತು. ಎಣ್ಣೆ ಯಾವುದಾದರೇನು, ಎಲ್ಲಾ ಎಣ್ಣೆಯೇ ಅಲ್ವಾ ಅನ್ನುವಂತೆ ನೋಡಿದಳು.

ಒಂದೇ ಅಲ್ಲ. ಒಂದು ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಕ್ಕಿ ತೌಡಿನ ಎಣ್ಣೆಗೆ 0.133 ಸಾಕು. ಹರಳೆಣ್ಣೆಗೆ 0.128. ಈ ಸಂಖ್ಯೆಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಅವು ಎಲ್ಲಿಂದ ಬಂದವು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಎಣ್ಣೆಯ ಒಂದು ಅಣುವಿನ ಒಳಗೆ ಏನಿದೆ ಅಂತ ತಿಳಿದುಬಿಟ್ಟರೆ ಈ ಸಂಖ್ಯೆಯನ್ನು ನೀವೇ ತೆಗೆಯಬಹುದು. ಸೋಪು ಕೆಟ್ಟಾಗ ಯಾಕೆ ಕೆಟ್ಟಿತು ಅನ್ನುವುದೂ ಗೊತ್ತಾಗುತ್ತದೆ. ಹಾಗಾಗಿ ಮೊದಲು ಅಣುವಿನ ಕಥೆ, ಆಮೇಲೆ ಲೆಕ್ಕ, ಆಮೇಲೆ ಕೆಲಸ.

## ಗೂಟಕ್ಕೆ ಕಟ್ಟಿದ ಮೂರು ಹಗ್ಗ

ಕೊಟ್ಟಿಗೆಯ ಗೂಟ ನೆನಪಿಸಿಕೊಳ್ಳಿ. ಒಂದು ಗೂಟ, ಅದಕ್ಕೆ ಗಂಟು ಹಾಕಿದ ಮೂರು ಹಗ್ಗ. ಎಣ್ಣೆಯ ಅಣು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಗೂಟದ ಜಾಗದಲ್ಲಿ ಗ್ಲಿಸರಾಲ್ ಇದೆ, ಅಂದರೆ ನಾವು ಗ್ಲಿಸರಿನ್ ಅನ್ನುತ್ತೇವಲ್ಲ, ಅದು. ಅದರಲ್ಲಿ ಇರುವುದು ಮೂರೇ ಇಂಗಾಲ. ಹಗ್ಗಗಳ ಜಾಗದಲ್ಲಿ ಕೊಬ್ಬಿನಾಮ್ಲಗಳು. ಒಂದೊಂದೂ ಇಂಗಾಲದ ಉದ್ದನೆಯ ಸರಪಳಿ, ಮೈತುಂಬ ಜಲಜನಕ. ಹಗ್ಗ ಗೂಟಕ್ಕೆ ಸೇರುವ ಜಾಗದ ಗಂಟಿಗೆ ರಸಾಯನಶಾಸ್ತ್ರದಲ್ಲಿ ಎಸ್ಟರ್ ಬಂಧ ಅಂತ ಹೆಸರು.

ಗೂಟ ಎಲ್ಲ ಎಣ್ಣೆಯಲ್ಲೂ ಒಂದೇ. ಹಗ್ಗದ ಉದ್ದ ಬೇರೆ ಬೇರೆ. ಕೊಬ್ಬರಿ ಎಣ್ಣೆಯ ಹಗ್ಗಗಳಲ್ಲಿ ಅರ್ಧದಷ್ಟು ಲಾರಿಕ್ ಆಮ್ಲದವು, 12 ಇಂಗಾಲದ ಗಿಡ್ಡ ಹಗ್ಗ. ತೌಡಿನ ಎಣ್ಣೆ, ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಗಳಲ್ಲಿ 18 ಇಂಗಾಲದ ಉದ್ದ ಹಗ್ಗಗಳೇ ಜಾಸ್ತಿ. ಹರಳೆಣ್ಣೆಯದೂ 18 ಇಂಗಾಲದ ಹಗ್ಗವೇ, ಆದರೆ ಅದರ ನಡುವೆ ಆಮ್ಲಜನಕದ ಒಂದು ತುಣುಕು ಹೆಚ್ಚಾಗಿ ಅಂಟಿಕೊಂಡಿರುತ್ತದೆ. ಅದಕ್ಕೇ ಆ ಎಣ್ಣೆ ಅಷ್ಟು ಮಂದ.

ಎಣ್ಣೆ ಅಂದರೆ ಹೀಗೆ ಗ್ಲಿಸರಾಲ್ ಮತ್ತು ಆಮ್ಲಗಳ ಜೋಡಣೆ ಅಂತ ಗೊತ್ತುಮಾಡಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಶೆವ್ರೆಲ್. ಸೋಪನ್ನೇ ಬಿಡಿಸಿ ನೋಡಿ, 1823ರಲ್ಲಿ ಆ ಕೆಲಸವನ್ನು ಪುಸ್ತಕವಾಗಿ ತಂದ. ಆತ 102 ವರ್ಷ ಬದುಕಿದ್ದ. ಜನ ಅದಕ್ಕೂ ಸಾವಿರಾರು ವರ್ಷ ಮೊದಲೇ ಸೋಪು ಮಾಡುತ್ತಿದ್ದರು, ಒಳಗೆ ಏನಾಗುತ್ತಿದೆ ಅಂತ ಮಾತ್ರ ಗೊತ್ತಿರಲಿಲ್ಲ.

## ಗಂಟು ಬಿಚ್ಚುವುದು ಯಾರು?

ಕಾಸ್ಟಿಕ್ ಸೋಡಾ ಅಂದರೆ ಸೋಡಿಯಂ ಹೈಡ್ರಾಕ್ಸೈಡ್, `NaOH`. ನೀರಿಗೆ ಹಾಕಿದ ಕೂಡಲೇ ಅದು ಎರಡಾಗುತ್ತದೆ. ಒಂದು ಕಡೆ ಸೋಡಿಯಂ, ಇನ್ನೊಂದು ಕಡೆ ಹೈಡ್ರಾಕ್ಸೈಡ್. ಗಂಟು ಬಿಚ್ಚುವುದು ಹೈಡ್ರಾಕ್ಸೈಡ್. ಅದರ ಮೇಲೆ ಋಣ ವಿದ್ಯುತ್ತು ಇದೆ.

ಈಗ ಗಂಟಿನ ಜಾಗ ನೋಡಿ. ಅಲ್ಲಿ ಒಂದು ಇಂಗಾಲ, ಅದಕ್ಕೆ ಅಂಟಿಕೊಂಡ ಎರಡು ಆಮ್ಲಜನಕ. ಆಮ್ಲಜನಕಗಳು ಎಲೆಕ್ಟ್ರಾನುಗಳನ್ನು ತಮ್ಮ ಕಡೆ ಎಳೆದುಕೊಳ್ಳುವ ಸ್ವಭಾವದವು. ಎರಡೂ ಸೇರಿ ಎಳೆದರೆ ನಡುವಿನ ಇಂಗಾಲ ಸ್ವಲ್ಪ ಬಡವಾಗುತ್ತದೆ, ಅದರ ಮೇಲೆ ಧನ ವಿದ್ಯುತ್ತಿನ ಛಾಯೆ ಬರುತ್ತದೆ. ಹೈಡ್ರಾಕ್ಸೈಡ್ ಬಂದು ಹಿಡಿದುಕೊಳ್ಳುವುದು ಅದನ್ನೇ. ಒಂದು ಕ್ಷಣ ಆ ಇಂಗಾಲದ ಸುತ್ತ ಜನ ಜಾಸ್ತಿಯಾಗುತ್ತಾರೆ. ಯಾರಾದರೂ ಒಬ್ಬರು ಬಿಡಲೇಬೇಕು. ಒಂದೋ ಬಂದ ಹೈಡ್ರಾಕ್ಸೈಡ್ ವಾಪಸ್ ಹೋಗಬೇಕು, ಇಲ್ಲ ಗೂಟ ಕೈಬಿಡಬೇಕು. ಗೂಟ ಕೈಬಿಟ್ಟಾಗ ಹಗ್ಗ ಬಿಡಿಯಾಗಿ ಕೊಬ್ಬಿನಾಮ್ಲವಾಗುತ್ತದೆ.

ಕಥೆ ಇಲ್ಲಿಗೇ ನಿಂತಿದ್ದರೆ ಬಿಚ್ಚಿದ ಗಂಟು ಮತ್ತೆ ಬಿದ್ದುಬಿಡುತ್ತಿತ್ತು. ಆದರೆ ಸುತ್ತ ಇರುವುದು ಕ್ಷಾರ. ಹುಟ್ಟಿದ ಆಮ್ಲದಿಂದ ಒಂದು ಜಲಜನಕವನ್ನು ಅದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಿತ್ತುಕೊಳ್ಳುತ್ತದೆ. ಈಗ ಹಗ್ಗದ ತುದಿಯಲ್ಲಿ ಋಣ ವಿದ್ಯುತ್ತು ಉಳಿಯಿತು, ಅದನ್ನು ಎರಡು ಆಮ್ಲಜನಕಗಳೂ ಸಮನಾಗಿ ಹಂಚಿಕೊಂಡವು. ಹಂಚಿಕೊಂಡ ಮೇಲೆ ಅವು ನೆಮ್ಮದಿಯಾಗಿರುತ್ತವೆ. ಆ ತುದಿಯ ಪಕ್ಕ ಸೋಡಿಯಂ ಬಂದು ಕೂರುತ್ತದೆ. ಅದೇ ಸೋಪಿನ ಅಣು. ಇನ್ನು ಯಾವ ಹೈಡ್ರಾಕ್ಸೈಡೂ ಅದರ ತಂಟೆಗೆ ಬರುವುದಿಲ್ಲ, ಗ್ಲಿಸರಾಲೂ ಅದನ್ನು ವಾಪಸ್ ಕಟ್ಟಿಕೊಳ್ಳಲಾರದು. ಈ ಇಡೀ ಕೆಲಸಕ್ಕೆ ಸಾಬೂನೀಕರಣ ಅಂತ ಹೆಸರು.

ಇದರಲ್ಲಿ ಮುಖ್ಯವಾಗಿ ಗಮನಿಸಬೇಕಾದ್ದು ಒಂದು. ಗಂಟು ಬಿಚ್ಚಿದ ಹೈಡ್ರಾಕ್ಸೈಡ್ ಅಲ್ಲೇ ಖರ್ಚಾಗಿಹೋಗುತ್ತದೆ. ಒಂದು ಹಗ್ಗಕ್ಕೆ ಒಂದು, ಒಂದು ಗೂಟಕ್ಕೆ ಮೂರು. ಸುಮ್ನೆ ಕಣ್ಣಳತೆಯಲ್ಲಿ ಹಾಕುವ ವಸ್ತು ಇದಲ್ಲ. ಕಡಿಮೆ ಹಾಕಿದರೆ ಎಣ್ಣೆ ಉಳಿಯುತ್ತದೆ, ಜಾಸ್ತಿ ಹಾಕಿದರೆ ಕಾಸ್ಟಿಕ್ ಉಳಿಯುತ್ತದೆ. ಆರು ವಾರ ಒಣಗಿಸಿದರೂ ಹಾಗೆ ಮಿಕ್ಕಿದ್ದನ್ನು ನಂಬಿ ಮೈಗೆ ಹಚ್ಚುವಂತಿಲ್ಲ.

## ಪಟ್ಟಿಯ ಸಂಖ್ಯೆ ಹುಟ್ಟುವ ಜಾಗ

ಮೂರೂ ಹಗ್ಗ ಲಾರಿಕ್ ಆಮ್ಲದ್ದೇ ಆಗಿರುವ ಒಂದು ಅಣು ತೆಗೆದುಕೊಳ್ಳೋಣ.

```
C39H74O6 + 3 NaOH → 3 C11H23COONa + C3H8O3
```

ಎಡಗಡೆಯ ಮೊದಲನೆಯದು ಎಣ್ಣೆ. ಬಲಗಡೆ ಮೂರು ಸೋಪಿನ ಅಣು, ಒಂದು ಗ್ಲಿಸರಾಲ್. ಇಂಗಾಲಕ್ಕೆ 12, ಜಲಜನಕಕ್ಕೆ 1, ಆಮ್ಲಜನಕಕ್ಕೆ 16 ಅಂತ ಕೂಡಿದರೆ ಎಣ್ಣೆಯ ಅಣುವಿನ ತೂಕ 638. ಕಾಸ್ಟಿಕ್ ಸೋಡಾದ್ದು 40, ಮೂರಕ್ಕೆ 120. ಅಂದರೆ 638 ಗ್ರಾಂ ಎಣ್ಣೆಗೆ 120 ಗ್ರಾಂ. ಭಾಗಿಸಿ ನೋಡಿ, 0.188 ಬರುತ್ತದೆ. ನಿಜವಾದ ಕೊಬ್ಬರಿ ಎಣ್ಣೆಯಲ್ಲಿ ಸ್ವಲ್ಪ ಉದ್ದದ ಹಗ್ಗಗಳೂ ಬೆರೆತಿರುವುದರಿಂದ ಅದು 0.183ಕ್ಕೆ ಇಳಿಯುತ್ತದೆ.

ಹರಳೆಣ್ಣೆಯ ಮುಖ್ಯ ಅಣುವಿನ ತೂಕ ಸುಮಾರು 933. ಅದಕ್ಕೂ ಬೇಕಾದ್ದು ಅದೇ 120. ಭಾಗಿಸಿದರೆ 0.128 ಮತ್ತು ಸ್ವಲ್ಪ. ಪಟ್ಟಿಯಲ್ಲಿರುವುದೂ ಅದೇ. ಮೊದಲ ಸಲ ಈ ಲೆಕ್ಕ ಕೂಡಿಬಂದಾಗ ನನಗಾದ ಖುಷಿ ಹೇಳತೀರದು! ಗಿಡ್ಡ ಹಗ್ಗದ ಎಣ್ಣೆಯಲ್ಲಿ ಒಂದೊಂದು ಅಣು ಹಗುರ. ಹಾಗಾಗಿ ಒಂದು ಕೆಜಿಗೆ ಅಣುಗಳು ಜಾಸ್ತಿ, ಗಂಟುಗಳು ಜಾಸ್ತಿ, ಕಾಸ್ಟಿಕ್ಕೂ ಜಾಸ್ತಿ. ಇಷ್ಟೇ ವಿಷಯ.

## ನಮ್ಮ ಒಂದು ಕೆಜಿಯ ಲೆಕ್ಕ

ನಾನು ವರ್ಷಗಳಿಂದ ಮಾಡುವ ಸೋಪು ಇದು. ಕೊಬ್ಬರಿ ಎಣ್ಣೆ 600 ಗ್ರಾಂ, ತೌಡಿನ ಎಣ್ಣೆ 300 ಗ್ರಾಂ, ಹರಳೆಣ್ಣೆ 100 ಗ್ರಾಂ. ಕೊಬ್ಬರಿ ಎಣ್ಣೆಯಿಂದ ನೊರೆ ಮತ್ತು ಗಟ್ಟಿತನ. ತೌಡಿನ ಎಣ್ಣೆಯಿಂದ ಮೃದು. ಹರಳೆಣ್ಣೆ ಬಂದ ನೊರೆಯನ್ನು ಹಿಡಿದು ನಿಲ್ಲಿಸುತ್ತದೆ.

ಕೊಬ್ಬರಿ ಎಣ್ಣೆಗೆ 600 × 0.183, ಅಂದರೆ 109.8. ತೌಡಿನ ಎಣ್ಣೆಗೆ 300 × 0.133, ಅಂದರೆ 39.9. ಹರಳೆಣ್ಣೆಗೆ 100 × 0.128, ಅಂದರೆ 12.8. ಒಟ್ಟು 162.5 ಗ್ರಾಂ. ಇಷ್ಟು ಹಾಕಿದರೆ ಒಂದು ಹನಿ ಎಣ್ಣೆಯೂ ಉಳಿಯದೆ ಎಲ್ಲ ಸೋಪಾಗುತ್ತದೆ.

ಹಾಗೆ ಮಾಡಬಾರದು. ಪಟ್ಟಿಯ ಸಂಖ್ಯೆ ಸರಾಸರಿ ಮಾತ್ರ, ನಿಮ್ಮ ಗಾಣದ ಎಣ್ಣೆ ಅದಕ್ಕಿಂತ ಸ್ವಲ್ಪ ಆಚೀಚೆ ಇರಬಹುದು. ಅದೂ ಅಲ್ಲದೆ ಕೊಬ್ಬರಿ ಎಣ್ಣೆಯ ಸೋಪು ಚರ್ಮದ ಜಿಡ್ಡನ್ನು ಜೋರಾಗಿಯೇ ತೆಗೆಯುತ್ತದೆ. ಹಾಗಾಗಿ ನೂರಕ್ಕೆ 8 ಭಾಗ ಎಣ್ಣೆ ಸೋಪಾಗದೆ ಮಿಗುವಂತೆ ಕಾಸ್ಟಿಕ್ ಕಡಿಮೆ ಮಾಡುತ್ತೇನೆ. 162.5ನ್ನು 0.92ರಿಂದ ಗುಣಿಸಿದರೆ 149.5. ನಾನು 149 ಗ್ರಾಂ ತೂಗುತ್ತೇನೆ. ನೀರು ಅದರ ಎರಡರಷ್ಟು, 300 ಗ್ರಾಂ.

## ಸಾಮಾನು ತರುವಾಗ

ಕಾಸ್ಟಿಕ್ ಸೋಡಾ ಬಿಳಿ ಚಕ್ಕೆಗಳಂತೆ ಸಿಗುತ್ತದೆ. ಡಬ್ಬಿಯ ಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಅಂತ ಇರಬೇಕು, ಶುದ್ಧತೆ ನೂರಕ್ಕೆ 97-98ರ ಮೇಲಿರಬೇಕು. ಬಟ್ಟೆ ಸೋಡಾ, ಅಡುಗೆ ಸೋಡಾ ಇವ್ಯಾವುದರಿಂದಲೂ ಈ ಕೆಲಸ ಆಗುವುದಿಲ್ಲ. ಸಿಂಕಿನ ಪೈಪು ಬಿಡಿಸುವ ಪುಡಿಯಂತೂ ಬೇಡವೇ ಬೇಡ. ಅವುಗಳಲ್ಲಿ ಕೆಲವಕ್ಕೆ ಅಲ್ಯುಮಿನಿಯಂ ಚೂರು ಬೆರೆಸಿರುತ್ತಾರೆ. ಡಬ್ಬಿ ತೆರೆದಿಟ್ಟರೆ ಚಕ್ಕೆಗಳು ಗಾಳಿಯ ತೇವ ಹೀರಿ ಒದ್ದೆಯಾಗುತ್ತವೆ. ಹಾಗಾದ ಮೇಲೆ ನೀವು ತೂಗುವ 149 ಗ್ರಾಂನಲ್ಲಿ ಎಷ್ಟು ಕಾಸ್ಟಿಕ್, ಎಷ್ಟು ನೀರು ಅಂತ ಹೇಳಲಾಗದು.

ಬೂದಿ ನೀರಿನಿಂದ ಮಾಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ನಮ್ಮ ಮಂಡ್ಯದ ಕಡೆ ಅಗಸರು ಸೌಳು ಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದರು, ಅಜ್ಜಿ ಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದಳು. ಎರಡರಲ್ಲೂ ಇರುವುದು ಕಾರ್ಬೊನೇಟ್, ಮೆತ್ತಗಿನ ಕ್ಷಾರ. ಬೂದಿ ನೀರಿಗೆ ಸುಣ್ಣ ಸೇರಿಸಿ ತೀಕ್ಷ್ಣ ಮಾಡಬಹುದು. ಆದರೆ ಅದು ಪೊಟ್ಯಾಸಿಯಂನ ಕ್ಷಾರ, ಬರುವುದು ಮುದ್ದೆಯಂಥ ಮೆತ್ತನೆ ಸೋಪು. ಎಷ್ಟು ತೀಕ್ಷ್ಣ ಅಂತ ಗೊತ್ತಿಲ್ಲದೆ ಲೆಕ್ಕವನ್ನೂ ಹಾಕಲಾಗದು. ಮೈಗೆ ಹಚ್ಚುವ ಸೋಪಿಗೆ ನಾನು ಆ ದಾರಿ ಹಿಡಿಯುವುದಿಲ್ಲ.

ನೀರು ಬೋರಿನದ್ದು ಬೇಡ. ಆಟೋ ಅಂಗಡಿಯಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಅದು ಸಾಕು. ಯಾಕೆ ಅನ್ನುವುದು ಕೊನೆಯಲ್ಲಿ ಬರುತ್ತದೆ.

ಪಾತ್ರೆ ಸ್ಟೀಲಿನದಿರಲಿ ಅಥವಾ ಬಿಸಿ ತಡೆಯುವ ದಪ್ಪ ಪ್ಲಾಸ್ಟಿಕ್ಕಿನದಿರಲಿ. ಅಲ್ಯುಮಿನಿಯಂ ಪಾತ್ರೆ, ಸೌಟು, ತಟ್ಟೆ ಯಾವುದೂ ಹತ್ತಿರ ಬರಬಾರದು. ಕಾಸ್ಟಿಕ್ ಅದನ್ನು ತಿನ್ನುತ್ತಾ ಜಲಜನಕ ಅನಿಲ ಬಿಡುತ್ತದೆ, ಅದಕ್ಕೆ ಬೆಂಕಿ ಹತ್ತಬಹುದು. ಒಂದು ಗ್ರಾಂವರೆಗೆ ಸರಿಯಾಗಿ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಹ್ಯಾಂಡ್ ಬ್ಲೆಂಡರ್ ಬೇಕು. ಕಣ್ಣು ಮುಚ್ಚುವ ಕನ್ನಡಕ, ರಬ್ಬರ್ ಗ್ಲೌಸ್, ತುಂಬು ತೋಳಿನ ಬಟ್ಟೆ ಬೇಕೇ ಬೇಕು. ಈ ಪಾತ್ರೆಗಳನ್ನು ಮತ್ತೆ ಅಡುಗೆಗೆ ಬಳಸಬೇಡಿ.

## ಕಾಸ್ಟಿಕ್ ನೀರು ಮಾಡುವುದು

ಮಕ್ಕಳು ಸ್ಕೂಲಿಗೆ ಹೋಗಿರುವ ಹೊತ್ತು ಆರಿಸಿಕೊಳ್ಳಿ. ಹಿತ್ತಲಲ್ಲೋ ಬಾಲ್ಕನಿಯಲ್ಲೋ, ಗಾಳಿ ಆಡುವ ಕಡೆ ಕೂತುಕೊಳ್ಳಿ. ಮೊದಲು ಪಾತ್ರೆಗೆ 300 ಗ್ರಾಂ ನೀರು. ಆಮೇಲೆ ಅದಕ್ಕೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತಾ ಕಲಕಿ. ಯಾವತ್ತೂ ನೀರಿಗೇ ಕಾಸ್ಟಿಕ್, ಕಾಸ್ಟಿಕ್ಕಿಗೆ ನೀರಲ್ಲ. ತಿರುಗಾಮುರುಗಾ ಮಾಡಿದರೆ ಮೇಲೆ ಬಿದ್ದ ನೀರು ಅಲ್ಲೇ ಕುದಿದು ಮುಖಕ್ಕೆ ಸಿಡಿಯುತ್ತದೆ.

ಒಲೆಯಿಲ್ಲದೆಯೇ ನೀರು 80 ಡಿಗ್ರಿ ದಾಟುತ್ತದೆ. ಮೇಲೆ ಬರುವ ಹಬೆ ಗಂಟಲಿಗೆ ಚುಚ್ಚುತ್ತದೆ, ಬಗ್ಗಿ ನೋಡಬೇಡಿ. ಮೊದಲು ಹಾಲಿನಂತೆ ಮಂಕಾಗಿದ್ದ ನೀರು ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ಪಾತ್ರೆಯ ಮೇಲೆ ಚೀಟಿ ಅಂಟಿಸಿಬಿಡಿ, ನೋಡುವುದಕ್ಕೆ ಅದು ಬರೀ ನೀರಿನ ಹಾಗೇ ಇರುತ್ತದೆ.

ಚರ್ಮಕ್ಕೆ ತಾಗಿದರೆ ಮೊದಲು ಜಾರಿದಂತೆ ಅನ್ನಿಸುತ್ತದೆ. ಅದು ನಿಮ್ಮ ಚರ್ಮದ ಕೊಬ್ಬೇ ಸೋಪಾಗಲು ಶುರುವಾಗಿರುವ ಗುರುತು. ನಲ್ಲಿಯ ಕೆಳಗೆ ಹಿಡಿದು 15-20 ನಿಮಿಷ ತೊಳೆಯಿರಿ. ನಿಂಬೆಹಣ್ಣು, ವಿನೆಗರ್ ಹಚ್ಚಬೇಡಿ, ಅದರಿಂದ ಬಿಸಿ ಹುಟ್ಟಿ ಗಾಯ ಹೆಚ್ಚಾಗುತ್ತದೆ. ಕಣ್ಣಿಗೆ ಸಿಡಿದರೆ ಆಗಿಂದಾಗಲೇ ನೀರು ಹಾಕಿ ತೊಳೆಯಲು ಶುರುಮಾಡಿ, 20 ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಹೋಗಿ.

## ಕಡೆಯುವುದು

ಎಣ್ಣೆಗಳನ್ನು ತೂಗಿ ಒಂದು ಪಾತ್ರೆಗೆ ಹಾಕಿ, 40 ಡಿಗ್ರಿಯ ಆಸುಪಾಸಿಗೆ ಬೆಚ್ಚಗೆ ಮಾಡಿ. ಕಾಸ್ಟಿಕ್ ನೀರೂ ಅಷ್ಟಕ್ಕೆ ಆರಲಿ. ಆಮೇಲೆ ನಿಧಾನವಾಗಿ ಎಣ್ಣೆಗೆ ಸುರಿಯಿರಿ.

ಎಣ್ಣೆ ನೀರು ಬೆರೆಯುವುದಿಲ್ಲ, ಅಲ್ವಾ? ಹೈಡ್ರಾಕ್ಸೈಡ್ ಇರುವುದು ನೀರಿನಲ್ಲಿ, ಗಂಟುಗಳಿರುವುದು ಎಣ್ಣೆಯಲ್ಲಿ. ಎರಡೂ ತಾಗುವ ಗಡಿಯಲ್ಲಿ ಮಾತ್ರ ಕೆಲಸ ನಡೆಯುತ್ತದೆ. ಬ್ಲೆಂಡರ್ ಮಾಡುವುದು ಇಷ್ಟೇ. ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ಗಡಿಯನ್ನು ಹೆಚ್ಚಿಸುತ್ತದೆ. ಆ ಗಡಿಯಲ್ಲಿ ಮೊದಲು ಹುಟ್ಟಿದ ಸೋಪು ತಾನೇ ಎಣ್ಣೆಯ ಹನಿಗಳನ್ನು ನೀರಿನಲ್ಲಿ ಹಿಡಿದಿಡುತ್ತದೆ. ಅದರ ಉದ್ದ ಬಾಲ ಎಣ್ಣೆಯ ಕಡೆ, ವಿದ್ಯುತ್ತಿರುವ ತಲೆ ನೀರಿನ ಕಡೆ. ಹೀಗಾಗಿ ಮುಂದಿನ ಸೋಪು ಇನ್ನೂ ಬೇಗ ಹುಟ್ಟುತ್ತದೆ. ಮೊದಲು ಏನೂ ಆಗದಂತೆ ಕಂಡು, ಆಮೇಲೆ ಥಟ್ಟಂತ ಗಟ್ಟಿಯಾಗಲು ಇದೇ ಕಾರಣ.

ಬ್ಲೆಂಡರ್ ಅನ್ನು ತಳಕ್ಕೆ ಮುಟ್ಟಿಸಿ, ಕೆಲವು ಸೆಕೆಂಡು ಓಡಿಸಿ, ನಿಲ್ಲಿಸಿ, ಕೈಯಲ್ಲಿ ಕಲಕಿ, ಮತ್ತೆ ಓಡಿಸಿ. ಕೆಲವೇ ನಿಮಿಷದಲ್ಲಿ ಎಣ್ಣೆಯ ಹೊಳಪು ಹೋಗಿ ಕೆನೆ ಬಣ್ಣ ಬರುತ್ತದೆ. ಆಮೇಲೆ ದೋಸೆ ಹಿಟ್ಟಿನ ಹದ. ಸೌಟಿನಿಂದ ಮೇಲೆ ಒಂದು ಎಳೆ ಬಿಟ್ಟರೆ ಅದು ಕೂಡಲೇ ಮುಳುಗದೆ ಗೆರೆಯಾಗಿ ನಿಲ್ಲಬೇಕು. ಅಷ್ಟು ಸಾಕು. ಇಡ್ಲಿ ಹಿಟ್ಟಿನಷ್ಟು ಗಟ್ಟಿಯಾದರೆ ಅಚ್ಚಿಗೆ ಸುರಿಯುವಾಗ ಒಳಗೆ ಗಾಳಿ ಗುಳ್ಳೆ ಉಳಿಯುತ್ತವೆ.

ಇಲ್ಲೊಂದು ಮೋಸ ಇದೆ. ಡಿಸೆಂಬರ್ ಬೆಳಗ್ಗೆ ಮೈಸೂರಿನಲ್ಲಿ ಕೊಬ್ಬರಿ ಎಣ್ಣೆ ಡಬ್ಬಿಯಲ್ಲೇ ಹೆಪ್ಪುಗಟ್ಟಿರುತ್ತದೆ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿ. ಪಾತ್ರೆ ತಣ್ಣಗಿದ್ದರೆ ಹಿಟ್ಟು ಬೇಗ ಹದಕ್ಕೆ ಬಂದಂತೆ ಕಾಣುತ್ತದೆ. ಆದರೆ ಗಟ್ಟಿಯಾಗಿರುವುದು ಎಣ್ಣೆ, ಸೋಪಲ್ಲ. ಅಚ್ಚಿಗೆ ಹಾಕಿದ ಮೇಲೆ ಕರಗಿ, ಮೇಲೆ ಎಣ್ಣೆ ಕೆಳಗೆ ನೀರು ಅಂತ ಬೇರೆಯಾಗುತ್ತದೆ. ಅನುಮಾನ ಬಂದರೆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕಲಕಿ. ತೆಳ್ಳಗಾದರೆ ಅದು ಸುಳ್ಳು ಹದ, ಇನ್ನೂ ಕಡೆಯಬೇಕು.

ಹದ ಬಂದ ಮೇಲೆ ಪರಿಮಳ ಸೇರಿಸಬಹುದು. ನಾನು 15 ಗ್ರಾಂ ಮಜ್ಜಿಗೆ ಹುಲ್ಲಿನ ಎಣ್ಣೆ ಹಾಕುತ್ತೇನೆ. ಗಂಧದೆಣ್ಣೆ ಹಾಕಬೇಕು ಅಂತ ಮೈಸೂರಿನವರಿಗೆಲ್ಲ ಆಸೆ ಇರುತ್ತದೆ. 1916ರಲ್ಲೇ ಇಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿತ್ತಲ್ಲ, ಆಸೆ ಸಹಜವೇ. ಆದರೆ ಒಳ್ಳೆಯ ಗಂಧದೆಣ್ಣೆಯ ಬೆಲೆ ಕೇಳಿದರೆ ಅದನ್ನು ಮನೆಯ ಸೋಪಿಗೆ ಸುರಿಯಲು ಕೈ ಬರುವುದಿಲ್ಲ.

ಅರಿಶಿನ ಹಾಕಿದರೆ ಹೆದರಬೇಡಿ, ಹಿಟ್ಟು ಕೆಂಪಗಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುತ್ತಾರಲ್ಲ, ಅದೇ ಆಟ. ಸೋಪು ಒಣಗುತ್ತಾ ಬಂದಂತೆ ಬಣ್ಣ ಮಸುಕು ಹಳದಿಗೆ ತಿರುಗುತ್ತದೆ.

ಬೆಲ್ಲದ ವಿಷಯ ಬೇರೆ. ಆಲೆಮನೆ ಊರಿನವಳಲ್ವಾ, ಒಂದು ಸಲ ಬೆಲ್ಲ ಕರಗಿಸಿದ ನೀರಿಗೇ ಕಾಸ್ಟಿಕ್ ಹಾಕಿದೆ. ಸಕ್ಕರೆ ಅಂಶ ಇದ್ದರೆ ನೊರೆ ಹೆಚ್ಚುತ್ತದೆ ಅಂತ ಓದಿದ್ದೆ, ಅದು ನಿಜವೂ ಹೌದು. ನೀರು ಕಣ್ಣೆದುರೇ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಕುದಿಯುವಂತೆ ಬಿಸಿಯಾಯಿತು. ಅಚ್ಚಿಗೆ ಸುರಿದ ಅರ್ಧ ಗಂಟೆಗೆ ಸೋಪು ನಡುವೆ ಬಿರಿದು ಹೊರಗೆ ಉಕ್ಕಿತು. ಈಗ ಹಾಕುವುದಾದರೆ ಒಂದು ಚಮಚಕ್ಕಿಂತ ಜಾಸ್ತಿ ಇಲ್ಲ. ಅದನ್ನೂ ಬೇರೆ ಸ್ವಲ್ಪ ನೀರಿನಲ್ಲಿ ಕರಗಿಸಿ, ಹದ ಬಂದ ಮೇಲೆ ಹಾಕುತ್ತೇನೆ, ಸೋಪನ್ನು ಮುಚ್ಚಿಡುವುದಿಲ್ಲ.

## ಅಚ್ಚು, ಕತ್ತರಿಸುವುದು, ಒಣಗಿಸುವುದು

ಒಂದೂವರೆ ಲೀಟರ್ ಹಿಡಿಯುವ ಮರದ ಪೆಟ್ಟಿಗೆಗೆ ಬಟರ್ ಪೇಪರ್ ಹಾಸಿದರೆ ಅಚ್ಚು ರೆಡಿ. ಸುರಿದು, ನೆಲಕ್ಕೆ ಎರಡು ಸಲ ಕುಟ್ಟಿ, ಮುಚ್ಚಿಡಿ. ಒಳಗಿನ ಬಿಸಿಗೆ ನಡುಭಾಗ ಕೆಲವು ಗಂಟೆ ಹಲ್ವದಂತೆ ಪಾರದರ್ಶಕವಾಗಬಹುದು, ಅದು ತೊಂದರೆಯಲ್ಲ.

ಕೊಬ್ಬರಿ ಎಣ್ಣೆ ಜಾಸ್ತಿ ಇರುವ ಸೋಪನ್ನು ಮಾರನೇ ದಿನವೇ ಕತ್ತರಿಸಬೇಕು. ಎರಡು ದಿನ ಬಿಟ್ಟರೆ ಚಾಕು ಇಟ್ಟ ಕಡೆ ಬೆಲ್ಲದಚ್ಚಿನಂತೆ ಒಡೆಯುತ್ತದೆ. ಕೈಗೆ ಗ್ಲೌಸ್ ಇರಲಿ. 13-14 ತುಂಡು ಬರುತ್ತವೆ. ಬಿದಿರಿನ ಮೊರದ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟು, ಗಾಳಿ ಆಡುವ ಕಡೆ ನಾಲ್ಕರಿಂದ ಆರು ವಾರ ಬಿಡಿ.

ಈ ಆರು ವಾರ ಕಾಸ್ಟಿಕ್ ಹೋಗಲಿ ಅಂತ ಕಾಯುವುದು ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಗಂಟು ಬಿಚ್ಚುವ ಕೆಲಸ ಮೊದಲ ಒಂದೆರಡು ದಿನದಲ್ಲೇ ಹೆಚ್ಚುಕಡಿಮೆ ಮುಗಿದಿರುತ್ತದೆ. ಆಮೇಲೆ ಆಗುವುದು ನೀರು ಆರುವುದು ಮತ್ತು ಸೋಪಿನ ಅಣುಗಳು ಒತ್ತಾಗಿ ಜೋಡಿಸಿಕೊಳ್ಳುವುದು. ಒಣಗದ ಸೋಪು ಬಚ್ಚಲಲ್ಲಿ ವಾರಕ್ಕೇ ಕರಗಿಹೋಗುತ್ತದೆ. ನಾನು ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ ಗೋಡೆ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ತೂಕ ಇಳಿಯುವುದು ನಿಂತಾಗ ಸೋಪು ತಯಾರು. ಮಳೆಗಾಲದಲ್ಲಿ ಇದು ತಡ. ನಮ್ಮ ಸೋಪಿನೊಳಗೆ ಸುಮಾರು 114 ಗ್ರಾಂ ಗ್ಲಿಸರಾಲ್ ಹಾಗೇ ಉಳಿದಿರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಜುಲೈನಲ್ಲಿ ಸೋಪಿನ ಮೈಮೇಲೆ ಬೆವರಿನಂಥ ಹನಿ ಕಂಡರೆ ಅದೇ ಕಾರಣ.

ಮೇಲೆ ಬಿಳಿ ಪುಡಿ ಕಂಡರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಆದ ಸೋಡಾ, ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಕತ್ತರಿಸಿದಾಗ ಒಳಗೆ ನೀರಿನ ಗುಳಿ, ಬಿಳಿ ಗಂಟು ಕಂಡರೆ ಮಾತ್ರ ಎಚ್ಚರ. ಅದು ಬೆರೆಯದ ಕಾಸ್ಟಿಕ್.

## ನಾಲಿಗೆಗೆ ಚುಚ್ಚಿದ ಸೋಪು

ಪರೀಕ್ಷೆ ಹಳೆಯದೇ. ಎರಡು ದಿನ ಕಳೆದ ಮೇಲೆ ಒದ್ದೆ ಬೆರಳನ್ನು ಸೋಪಿಗೆ ಉಜ್ಜಿ, ಆ ಬೆರಳನ್ನು ನಾಲಿಗೆ ತುದಿಗೆ ಸ್ವಲ್ಪ ತಾಗಿಸಿ, ಉಗಿದು, ಬಾಯಿ ತೊಳೆದುಕೊಳ್ಳಿ. ಬರೀ ಸೋಪಿನ ರುಚಿ ಬಂದರೆ ಸರಿ. ಬ್ಯಾಟರಿ ತಾಗಿಸಿದಂತೆ ಚುರ್ರೆಂದರೆ ಕಾಸ್ಟಿಕ್ ಮಿಕ್ಕಿದೆ. ಒಳಗೆ ಗುಳಿ, ಗಂಟು ಕಂಡ ಸೋಪಿಗೆ ಈ ಪರೀಕ್ಷೆ ಮಾಡಬೇಡಿ. ಅರಿಶಿನದ ನೀರಿನಿಂದ ಪರೀಕ್ಷೆ ಮಾಡುವವರಿದ್ದಾರೆ. ಅದು ಕೆಲಸಕ್ಕೆ ಬಾರದು. ಒಳ್ಳೆಯ ಸೋಪಿನ ಪಿಎಚ್ ಕೂಡ 9-10 ಇರುತ್ತದೆ, ಅರಿಶಿನ ಅದಕ್ಕೂ ಕೆಂಪಾಗುತ್ತದೆ.

ನನ್ನ ಮೊದಲನೇ ಸೋಪು ಚುರ್ರೆಂದಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಆಗ ನೂರಕ್ಕೆ 5 ಭಾಗ ಎಣ್ಣೆ ಮಿಗಿಸುತ್ತಿದ್ದೆ, 154 ಗ್ರಾಂ ಕಾಸ್ಟಿಕ್ ಹಾಕಿದ್ದೆ. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಎಣ್ಣೆಯ ಪ್ಯಾಕೆಟ್ ಕೈಗೆತ್ತಿಕೊಂಡು ಓದಿದೆ. ಒಂದು ಲೀಟರ್, ತೂಕ 910 ಗ್ರಾಂ ಅಂತಿತ್ತು!

ಕಾಸ್ಟಿಕ್ಕನ್ನು ತಕ್ಕಡಿಯಲ್ಲಿ ತೂಗಿದ್ದೆ. ಎಣ್ಣೆಯನ್ನು ಮಾತ್ರ ಅಳತೆ ಜಗ್ಗಿನಲ್ಲಿ ಸುರಿದಿದ್ದೆ. 600 ಎಂಎಲ್ ಕೊಬ್ಬರಿ ಎಣ್ಣೆ ತೂಗುವುದು 552 ಗ್ರಾಂ. 300 ಎಂಎಲ್ ತೌಡಿನ ಎಣ್ಣೆ 275. 100 ಎಂಎಲ್ ಹರಳೆಣ್ಣೆ 96. ಒಟ್ಟು 923 ಗ್ರಾಂ. ಇಷ್ಟು ಎಣ್ಣೆ ಪೂರ್ತಿ ಸೋಪಾಗಲು 150 ಗ್ರಾಂ ಕಾಸ್ಟಿಕ್ ಸಾಕು. ನಾನು ಹಾಕಿದ್ದು 154. ಬಿಚ್ಚಲು ಗಂಟೇ ಇಲ್ಲದೆ 4 ಗ್ರಾಂ ಮಿಕ್ಕಿ ಕೂತಿತ್ತು.

ಎಸೆಯಲಿಲ್ಲ. ಗ್ಲೌಸ್ ಹಾಕಿಕೊಂಡು ಸೋಪನ್ನು ತುರಿದೆ, ಕ್ಯಾರೆಟ್ ತುರಿದ ಹಾಗೆ. ಸ್ಟೀಲ್ ಪಾತ್ರೆಗೆ ಹಾಕಿ ಒಂದಷ್ಟು ನೀರು ಚಿಮುಕಿಸಿ, ಅದನ್ನು ಕುದಿಯುವ ನೀರಿನ ದೊಡ್ಡ ಪಾತ್ರೆಯೊಳಗಿಟ್ಟೆ. ಮಿಕ್ಕ 4 ಗ್ರಾಂ ತಿನ್ನಲು 22 ಗ್ರಾಂ ಕೊಬ್ಬರಿ ಎಣ್ಣೆ ಬೇಕು, ಅದರ ಮೇಲೆ ಸ್ವಲ್ಪ ಮಿಗಲಿ ಅಂತ ಒಟ್ಟು 75 ಗ್ರಾಂ ಸೇರಿಸಿದೆ. ಎರಡು ಗಂಟೆ ಆಗಾಗ ಕಲಕುತ್ತಾ ಬೇಯಿಸಿದಾಗ ಗಂಜಿಯಂತಾಯಿತು. ಸೌಟಿನಲ್ಲಿ ಅಚ್ಚಿಗೆ ಒತ್ತಿದೆ. ನೋಡಲು ಉಪ್ಪಿಟ್ಟಿನ ಹಾಗಿತ್ತು, ಆದರೆ ನಾಲಿಗೆಗೆ ಚುಚ್ಚಲಿಲ್ಲ. ಮನೆಯವರೆಲ್ಲ ಅದರಲ್ಲೇ ಮೂರು ತಿಂಗಳು ಸ್ನಾನ ಮಾಡಿದರು.

## ಊರಿನ ಬೋರ್ ನೀರಿನಲ್ಲಿ

ಇದೇ ಸೋಪು ಮೈಸೂರಿನ ಮನೆಯಲ್ಲಿ ಕಾವೇರಿ ನೀರಿಗೆ ಕೈತುಂಬ ನೊರೆ ಕೊಡುತ್ತದೆ. ಮದ್ದೂರಿನ ಹತ್ತಿರ ಅಮ್ಮನ ಮನೆಗೆ ಒಯ್ದರೆ ಅಮ್ಮ ಹೇಳುತ್ತಾಳೆ: "ಏನೇ ನಿನ್ ಸೋಪು, ಉಜ್ಜಿ ಉಜ್ಜಿ ಕೈ ಸೋತೋಯ್ತು." ಅವಳ ಮನೆಯದು ಬೋರ್ ನೀರು, ಕ್ಯಾಲ್ಸಿಯಂ ತುಂಬಿದ ಗಡಸು ನೀರು.

ಸೋಪಿನ ತಲೆಯ ಪಕ್ಕ ಸೋಡಿಯಂ ಕೂತಿದೆ ಅಂದೆನಲ್ಲ, ಅದರ ಹಿಡಿತ ಸಡಿಲ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಎರಡೆರಡು ಸೋಪಿನ ಅಣುಗಳನ್ನು ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಹಾಗೆ ಸೇರಿದ ವಸ್ತು ನೀರಿನಲ್ಲಿ ಕರಗುವುದಿಲ್ಲ. ನೊರೆಯಾಗಬೇಕಿದ್ದ ಸೋಪು ಗಷ್ಟಾಗಿ ತೇಲುತ್ತದೆ. ನೀರಿನ ಕ್ಯಾಲ್ಸಿಯಂ ಎಲ್ಲ ಹೀಗೆ ತೀರಿದ ಮೇಲಷ್ಟೇ ನೊರೆ ಶುರು. ಕಾಸ್ಟಿಕ್ ಕರಗಿಸಲು ಬೋರ್ ನೀರು ಬೇಡ ಅಂದದ್ದೂ ಇದಕ್ಕೇ, ಸೋಪು ಹುಟ್ಟುವಾಗಲೇ ಒಂದಿಷ್ಟು ಹಾಳಾಗುತ್ತದೆ.

ಗಿಡ್ಡ ಹಗ್ಗದ ಸೋಪು ನೀರಿನಲ್ಲಿ ಬೇಗ ಕರಗುವುದರಿಂದ ಗಡಸು ನೀರಿನಲ್ಲೂ ತಕ್ಕಮಟ್ಟಿಗೆ ನೊರೆ ಬರುತ್ತದೆ. ಹಾಗಾಗಿ ಅಮ್ಮನಿಗೆ ಅಂತಲೇ ಈಗ ಬೇರೆ ಮಾಡುತ್ತೇನೆ. ಕೊಬ್ಬರಿ ಎಣ್ಣೆ 900 ಗ್ರಾಂ, ಹರಳೆಣ್ಣೆ 100 ಗ್ರಾಂ. ಪೂರ್ತಿ ಸೋಪಾಗಲು ಬೇಕಾದ್ದು 177.5. ಇಷ್ಟೊಂದು ಕೊಬ್ಬರಿ ಎಣ್ಣೆ ಇದ್ದರೆ ಮೈ ಒಣಗುತ್ತದೆ, ಅದಕ್ಕೆ ನೂರಕ್ಕೆ 15 ಭಾಗ ಎಣ್ಣೆ ಮಿಗಿಸಿ 150 ಗ್ರಾಂ ಕಾಸ್ಟಿಕ್ ಹಾಕುತ್ತೇನೆ, ನೀರು 300. ಇದು ಬೇಗ ಗಟ್ಟಿಯಾಗುತ್ತದೆ. ಬೆಳಗ್ಗೆ ಸುರಿದರೆ ಸಂಜೆಗೇ ಕತ್ತರಿಸಬೇಕು. ಅಮ್ಮ ಈಗ ನೊರೆಯ ಬಗ್ಗೆ ಏನೂ ಹೇಳುವುದಿಲ್ಲ. ಬಕೆಟ್ಟಿನ ಅಂಚಿಗೆ ಬಿಳಿ ಜಿಡ್ಡು ಕೂರುತ್ತದೆ ಅಂತ ಮಾತ್ರ ಇನ್ನೂ ಬೈಯುತ್ತಾಳೆ. ಅದು ಆ ಕ್ಯಾಲ್ಸಿಯಂ ಸೋಪೇ, ವಾರಕ್ಕೊಮ್ಮೆ ಸ್ವಲ್ಪ ಹುಣಸೆಹಣ್ಣು ಹಾಕಿ ಉಜ್ಜಿದರೆ ಬಿಡುತ್ತದೆ.